ಪ್ರವಾಸದ ಕ್ಲೇಮ್ ಮತ್ತು ಕಂಪನಿ ಕಾರ್ಡ್: ಬಿಲ್‌ಗೆ ಬಿಲ್ ತಾಳೆ ನೋಡುವ ಕ್ರಮ

ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಎರಕದ ಕಾರ್ಖಾನೆ ಎಂದುಕೊಳ್ಳಿ. ಮಾರಾಟ ವಿಭಾಗದ ಇಂಜಿನಿಯರ್ ಒಬ್ಬರು ಕಂಪನಿಯ ಕ್ರೆಡಿಟ್ ಕಾರ್ಡ್ ಹಿಡಿದು ಪುಣೆಗೆ ಹೋಗಿ ಬಂದಿದ್ದಾರೆ. ಈಗ ಅಕೌಂಟ್ಸ್ ಮೇಜಿನ ಮೇಲೆ ಎರಡು ಕಾಗದಗಳಿವೆ: ಅವರು ಬರೆದುಕೊಟ್ಟ ಖರ್ಚಿನ ಕ್ಲೇಮ್ ಮತ್ತು ಬ್ಯಾಂಕ್ ಕಳಿಸಿದ ಕಾರ್ಡ್ ಸ್ಟೇಟ್‌ಮೆಂಟ್. ಇವೆರಡರ ಮೊತ್ತ ಒಂದಕ್ಕೊಂದು ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಪ್ರವಾಸಕ್ಕೆ ಏನೇನು ಖರ್ಚಾಯಿತು ಎಂಬುದು ಕ್ಲೇಮ್‌ನಲ್ಲಿರುತ್ತದೆ. ಅದರಲ್ಲಿ ಕಂಪನಿ ಬ್ಯಾಂಕಿಗೆ ಕಟ್ಟಬೇಕಾದದ್ದು ಎಷ್ಟು ಎಂಬುದು ಸ್ಟೇಟ್‌ಮೆಂಟ್‌ನಲ್ಲಿರುತ್ತದೆ. ಈ ವ್ಯತ್ಯಾಸ ಮರೆತು ಕ್ಲೇಮ್‌ನ ಮೊತ್ತದಿಂದ ಸ್ಟೇಟ್‌ಮೆಂಟ್‌ನ ಮೊತ್ತ ಕಳೆದು ಉಳಿದದ್ದನ್ನು ನೌಕರರ ಖಾತೆಗೆ ಹಾಕಿಬಿಟ್ಟರೆ, ಒಂದೇ ಹೋಟೆಲ್ ಬಿಲ್‌ಗೆ ಕಂಪನಿ ಎರಡು ಸಲ ದುಡ್ಡು ಕೊಟ್ಟಂತಾಗುತ್ತದೆ. ಅದು ಹೇಗೆ ಆಗುತ್ತದೆ, ಹೇಗೆ ತಪ್ಪಿಸಬೇಕು ಎಂಬುದನ್ನು ಇದೇ ಪ್ರವಾಸದ ಲೆಕ್ಕ ಹಿಡಿದು ನೋಡೋಣ. ಮೊತ್ತಗಳು ಉದಾಹರಣೆಗಾಗಿ ಕೊಟ್ಟವು.

ಪ್ರವಾಸದ ಲೆಕ್ಕ

ಪ್ರವಾಸ 2025ರ ನವೆಂಬರ್ 10ರ ರಾತ್ರಿಯಿಂದ 15ರ ಬೆಳಿಗ್ಗೆಯವರೆಗೆ. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ಪುಣೆಗೆ ವಿಮಾನ, ಹೋಟೆಲ್‌ನಲ್ಲಿ ಮೂರು ರಾತ್ರಿ. ವಾಪಸು ಬರುವ ವಿಮಾನದ ಟಿಕೆಟ್ ರದ್ದು ಮಾಡಿ, 14ರ ರಾತ್ರಿ ಬಸ್ಸಿನಲ್ಲಿ ದಾವಣಗೆರೆ ಮಾರ್ಗವಾಗಿ ಊರಿಗೆ ಬಂದರು. ಹೊರಡುವ ಮುಂಚೆ ನಗದು ಅಡ್ವಾನ್ಸ್ 3,000 ರೂಪಾಯಿ ಪಡೆದಿದ್ದರು.

ಅವರ ಕ್ಲೇಮ್ ಹೀಗಿದೆ:

- ರೈಲು ಟಿಕೆಟ್: 700
- ವಿಮಾನ, ಹೋಗಿ ಬರುವುದಕ್ಕೆ: 11,480
- ಹೋಟೆಲ್: 14,175
- ಗ್ರಾಹಕರೊಂದಿಗೆ ರಾತ್ರಿ ಊಟ: 3,465
- ಕ್ಯಾಬ್: 1,240
- ಇನ್ನೊಂದು ಕ್ಯಾಬ್: 460
- ವಾಪಸು ಬಸ್ಸು: 1,350
- ಆಟೋ, ಕಾಫಿ ಇತ್ಯಾದಿ: 380

ಒಟ್ಟು 33,250. ಕಾರ್ಡ್‌ನ ಬಿಲ್ಲಿಂಗ್ ಅವಧಿ ಪ್ರತಿ ತಿಂಗಳ 16ರಿಂದ ಮುಂದಿನ ತಿಂಗಳ 15ರವರೆಗೆ. ನವೆಂಬರ್ 15ಕ್ಕೆ ಮುಗಿದ ಸ್ಟೇಟ್‌ಮೆಂಟ್‌ನಲ್ಲಿ ಈ ಪ್ರವಾಸದ ಐದು ಸಾಲುಗಳಿವೆ: ರೈಲು 708.26, ವಿಮಾನ 11,480, ಹೋಟೆಲ್ 5,000, ಊಟ 3,465, ಕ್ಯಾಬ್ 1,240. ಒಟ್ಟು 21,893.26.

ಈಗ ಆ ತಪ್ಪು ದಾರಿಯಲ್ಲಿ ಹೋದರೆ ಏನಾಗುತ್ತದೆ ನೋಡಿ. 33,250ರಲ್ಲಿ 21,893.26 ಕಳೆದರೆ 11,356.74 ಉಳಿಯುತ್ತದೆ. ಅಡ್ವಾನ್ಸ್ 3,000 ಮುರಿದುಕೊಂಡು 8,356.74 ರೂಪಾಯಿ ನೌಕರರಿಗೆ ಕೊಡಬೇಕು ಎಂದಾಗುತ್ತದೆ. ಮೇಲ್ನೋಟಕ್ಕೆ ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಆದರೆ ವಾಸ್ತವದಲ್ಲಿ ಅವರಿಗೆ ಬರಬೇಕಾದದ್ದು ಏನೂ ಇಲ್ಲ, ಅವರೇ ಕಂಪನಿಗೆ 810 ರೂಪಾಯಿ ವಾಪಸು ಕೊಡಬೇಕು.

ಮೊದಲ ಹೆಜ್ಜೆ: ಪ್ರತಿ ಸಾಲಿಗೂ ಯಾರು ಕೊಟ್ಟರು ಎಂದು ಬರೆಸಿ

ಕ್ಲೇಮ್ ಫಾರಂನಲ್ಲಿ ಪಾವತಿ ವಿಧಾನದ ಕಾಲಂ ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ. ಅದರಲ್ಲಿ ಎರಡೇ ಆಯ್ಕೆ ಸಾಕು: ಕಂಪನಿ ಕಾರ್ಡ್, ಅಥವಾ ಸ್ವಂತ. ಸ್ವಂತ ಎಂದರೆ ತಮ್ಮ ಯುಪಿಐ, ತಮ್ಮ ಕಾರ್ಡ್, ಅಥವಾ ಕೈಯಲ್ಲಿದ್ದ ನಗದು. ಕಂಪನಿ ಕೊಟ್ಟ ಅಡ್ವಾನ್ಸ್‌ನಿಂದ ಖರ್ಚು ಮಾಡಿದ್ದೂ ಸ್ವಂತದಲ್ಲೇ ಬರುತ್ತದೆ, ಏಕೆಂದರೆ ಅಡ್ವಾನ್ಸನ್ನು ಕೊನೆಯಲ್ಲಿ ಹೇಗೂ ಮುರಿದುಕೊಳ್ಳುತ್ತೇವೆ. ಇಲ್ಲಿಯೂ ಅಡ್ವಾನ್ಸ್ ಎಂದು ಮೂರನೇ ಆಯ್ಕೆ ಇಟ್ಟರೆ ಒಂದೇ ಮೊತ್ತವನ್ನು ಎರಡು ಕಡೆ ಕಳೆಯುವ ಅಪಾಯ ಇದೆ.

ನಮ್ಮ ಉದಾಹರಣೆಯಲ್ಲಿ ಎರಡನೇ ಕ್ಯಾಬ್, ಬಸ್ಸು, ಆಟೋ ಈ ಮೂರು ಸ್ವಂತ: 460, 1,350, 380. ಒಟ್ಟು 2,190. ಉಳಿದ 31,060 ಕಾರ್ಡ್‌ನದು. ನೌಕರರ ಜೊತೆಗಿನ ಲೆಕ್ಕ ಇಲ್ಲಿಗೇ ಮುಗಿಯಿತು: 3,000 ಅಡ್ವಾನ್ಸ್‌ನಲ್ಲಿ 2,190 ಖರ್ಚಾಗಿದೆ, 810 ವಾಪಸು ಬರಬೇಕು. ಇದನ್ನು ತೀರಿಸಲು ಬ್ಯಾಂಕ್ ಸ್ಟೇಟ್‌ಮೆಂಟ್ ಬರುವ ತನಕ ಕಾಯಬೇಕಾಗಿಲ್ಲ. ಸ್ಟೇಟ್‌ಮೆಂಟ್ ಬೇಕಾಗುವುದು ಉಳಿದ 31,060 ನಿಜಕ್ಕೂ ಕಾರ್ಡ್‌ನಿಂದಲೇ ಹೋಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು.

ಬಿಲ್‌ಗಳನ್ನು ಇದೇ ಹಂತದಲ್ಲಿ ಪರಿಶೀಲಿಸಿ. ಹೋಟೆಲ್‌ನ ಜಿಎಸ್‌ಟಿ ಬಿಲ್ ಬೇರೆ, ಸ್ವೈಪಿಂಗ್ ಮೆಷಿನ್‌ನಿಂದ ಬಂದ ಚೀಟಿ ಬೇರೆ. ಚೀಟಿ ಹಣ ಕೊಟ್ಟದ್ದಕ್ಕೆ ಸಾಕ್ಷಿ ಅಷ್ಟೆ, ಯಾವುದಕ್ಕೆ ಕೊಟ್ಟರು ಎಂದು ಅದು ಹೇಳುವುದಿಲ್ಲ. ಎರಡನ್ನೂ ಲಗತ್ತಿಸಿ, ಎರಡಕ್ಕೂ ಒಂದೊಂದು ಸಾಲು ಬರೆದು ಕ್ಲೇಮ್ ಮಾಡುವುದು ಬಹಳ ಸಾಮಾನ್ಯವಾದ ತಪ್ಪು. ಇನ್ನೊಂದು ವಿಷಯ, ಮೆಷಿನ್ ಚೀಟಿಗಳು ಥರ್ಮಲ್ ಕಾಗದದವು, ದಿನ ಕಳೆದಂತೆ ಅಕ್ಷರ ಮಾಸಿಹೋಗುತ್ತವೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ಚೀಲದ ಮೂಲೆಯಲ್ಲಿ ಮಡಚಿಟ್ಟ ಚೀಟಿ ಓದಲು ಬರುವಂತೆ ಉಳಿಯುತ್ತದೆಂದು ನಂಬಬೇಡಿ. ಚೀಟಿ ಕೈಗೆ ಬಂದ ದಿನವೇ ಫೋಟೋ ತೆಗೆದು ಕಳಿಸಲು ಪ್ರವಾಸಕ್ಕೆ ಹೊರಡುವವರಿಗೆ ಮೊದಲೇ ಹೇಳಿ.

ಎರಡನೇ ಹೆಜ್ಜೆ: ಸ್ಟೇಟ್‌ಮೆಂಟನ್ನು ಲೆಕ್ಕ ಮಾಡಲು ಬರುವಂತೆ ಸಿದ್ಧಮಾಡಿ

ಬ್ಯಾಂಕಿನ ಪಿಡಿಎಫ್‌ನಿಂದ ಎಕ್ಸೆಲ್‌ಗೆ ನಕಲು ಮಾಡಿದಾಗ ಎರಡು ಕಡೆ ಕೆಡುತ್ತದೆ.

ಒಂದು, ದಿನಾಂಕ. ಕಂಪ್ಯೂಟರ್‌ನಲ್ಲಿ ಅಮೆರಿಕದ ದಿನಾಂಕ ಕ್ರಮ ಇದ್ದರೆ 03/11/2025 ಎಂಬುದು ನವೆಂಬರ್ 3ರ ಬದಲು ಮಾರ್ಚ್ 11 ಆಗಿ ಕೂರುತ್ತದೆ. 14/11/2025 ಎಂಬುದು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ, ಏಕೆಂದರೆ ಹದಿನಾಲ್ಕನೇ ತಿಂಗಳು ಇಲ್ಲ. ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ.

ಇನ್ನೊಂದು, ಮೊತ್ತ. ಬ್ಯಾಂಕ್ ವಾಪಸು ಜಮೆ ಮಾಡಿದ ಮೊತ್ತದ ಕೊನೆಯಲ್ಲಿ ಸಾಮಾನ್ಯವಾಗಿ `Cr` ಎಂದು ಇರುತ್ತದೆ. ಆ ಅಕ್ಷರಗಳಿಂದಾಗಿ ಎಕ್ಸೆಲ್ ಆ ಮೊತ್ತವನ್ನು ಅಂಕಿಯೆಂದೇ ಪರಿಗಣಿಸುವುದಿಲ್ಲ, ಕೂಡುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಇನ್ನು `Cr` ಅಳಿಸಿಬಿಟ್ಟರೆ ಜಮೆಯೇ ಖರ್ಚಾಗಿ ಸೇರಿಕೊಳ್ಳುತ್ತದೆ. ಹಾಗಾಗಿ ಮೂಲ ಮೊತ್ತವನ್ನು `C` ಕಾಲಂನಲ್ಲಿ ಇದ್ದ ಹಾಗೇ ಇಟ್ಟು, `D` ಕಾಲಂನಲ್ಲಿ ಈ ಸೂತ್ರ ಹಾಕಿ:

```
=IF(RIGHT(TRIM(C2),2)="Cr",-1,1)*TRIM(SUBSTITUTE(SUBSTITUTE(C2,"Cr",""),",",""))
```

ಜಮೆಯೆಲ್ಲ ಋಣ ಸಂಖ್ಯೆಯಾಗಿ ಬರುತ್ತದೆ. ನಿಮ್ಮ ಬ್ಯಾಂಕ್ `CR` ಎಂದು ಎರಡೂ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದರೆ ಸೂತ್ರದಲ್ಲೂ ಹಾಗೇ ಬದಲಿಸಿ, `SUBSTITUTE` ದೊಡ್ಡ ಅಕ್ಷರ ಸಣ್ಣ ಅಕ್ಷರದ ಭೇದ ಮಾಡುತ್ತದೆ. ಸೂತ್ರ ಇಳಿಸಿದ ಮೇಲೆ `D` ಕಾಲಂನ ಒಟ್ಟು ಮೊತ್ತ ಸ್ಟೇಟ್‌ಮೆಂಟ್‌ನಲ್ಲಿರುವ ಖರೀದಿ ಮೊತ್ತಗಳಿಂದ ಜಮೆಗಳನ್ನು ಕಳೆದದ್ದಕ್ಕೆ ಪೈಸೆ ಸಮೇತ ಸರಿಹೊಂದಬೇಕು. ಹೊಂದುವ ತನಕ ಮುಂದಿನ ಹೆಜ್ಜೆ ಇಡಬೇಡಿ.

ಮೂರನೇ ಹೆಜ್ಜೆ: ಬಿಲ್ ನಂಬರ್ ಕಟ್ಟುವುದು

ಮೊತ್ತಕ್ಕೆ ಮೊತ್ತ ಹುಡುಕುವುದು ಸುಲಭವೆನಿಸಿದರೂ ಅದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ಹೋಟೆಲ್ ಬಿಲ್ 14,175. ಸ್ಟೇಟ್‌ಮೆಂಟ್‌ನಲ್ಲಿ 14,175 ಎಂಬ ಸಾಲು ಎಲ್ಲೂ ಸಿಗುವುದಿಲ್ಲ, 5,000 ಎಂಬ ಸಾಲಿಗೆ ಕ್ಲೇಮ್‌ನಲ್ಲಿ ಜೊತೆ ಇಲ್ಲ. ಹಾಗಾಗಿ ಮೊತ್ತವನ್ನು ಬಿಟ್ಟು ಬಿಲ್ಲನ್ನು ಹಿಡಿಯಬೇಕು. ಕ್ಲೇಮ್‌ನ ಪ್ರತಿ ಬಿಲ್‌ಗೆ ಒಂದು ನಂಬರ್ ಕೊಟ್ಟು `Claim` ಹಾಳೆಯ `E` ಕಾಲಂನಲ್ಲಿ ಬರೆಯಿರಿ. ನಂತರ ಸ್ಟೇಟ್‌ಮೆಂಟ್ ಇರುವ ಹಾಳೆಗೆ `Card` ಎಂದು ಹೆಸರಿಟ್ಟು, ಅದರ ಒಂದೊಂದೇ ಸಾಲನ್ನು ಕಣ್ಣಿಂದ ನೋಡಿ, ಅದು ಯಾವ ಬಿಲ್‌ಗೆ ಸೇರಿದ್ದೋ ಆ ನಂಬರನ್ನು ಅಲ್ಲಿನ `E` ಕಾಲಂನಲ್ಲಿ ಬರೆಯಿರಿ. ಒಂದು ಬಿಲ್‌ಗೆ ಎರಡು ಮೂರು ಕಾರ್ಡ್ ಸಾಲು ಬಂದರೂ ಸರಿಯೇ. `Claim` ಹಾಳೆಯಲ್ಲಿ `C` ಪಾವತಿ ವಿಧಾನ, `D` ಮೊತ್ತ ಇದ್ದರೆ, ಕಂಪನಿ ಕಾರ್ಡ್‌ನ ಸಾಲುಗಳಿಗೆ `C`ಯಲ್ಲಿ `Card` ಎಂದು ಬರೆದು, `F` ಕಾಲಂನಲ್ಲಿ:

```
=IF(C2="Card",ROUND(SUMIFS(Card!D:D,Card!E:E,E2)-D2,2),0)
```

ನವೆಂಬರ್ ಸ್ಟೇಟ್‌ಮೆಂಟ್ ಮಾತ್ರ ಹಾಕಿದಾಗ `F` ಕಾಲಂ ಹೀಗೆ ಕಾಣುತ್ತದೆ: ವಿಮಾನ, ಊಟ, ಕ್ಯಾಬ್ ಸೊನ್ನೆ. ರೈಲು 8.26. ಹೋಟೆಲ್ −9,175. ಇನ್ನು ನೋಡಬೇಕಾದದ್ದು ಸೊನ್ನೆಯಲ್ಲದ ಸಾಲುಗಳನ್ನು ಮಾತ್ರ.

ರೈಲಿನ 8.26 ಎಲ್ಲಿಂದ ಬಂತು? ಟಿಕೆಟ್‌ನಲ್ಲಿ 700 ಇದೆ. ಕ್ರೆಡಿಟ್ ಕಾರ್ಡ್‌ನಿಂದ ಕಟ್ಟಿದ್ದಕ್ಕೆ ಪಾವತಿ ಗೇಟ್‌ವೇ ಶೇ 1, ಅಂದರೆ 7 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 1.26. ಇದು ಟಿಕೆಟ್ ಮೇಲೆ ಮುದ್ರಣವಾಗದೆ ಕಾರ್ಡ್‌ನಲ್ಲಿ ಮಾತ್ರ ಕಾಣುವ ಶುಲ್ಕ, ನೌಕರರ ತಪ್ಪಲ್ಲ. ಬ್ಯಾಂಕ್ ಶುಲ್ಕದ ಖಾತೆಗೆ ಹಾಕಿ ಮುಗಿಸಿ. ಪೆಟ್ರೋಲ್ ಬಂಕ್‌ನಲ್ಲಿ ಕಾರ್ಡ್ ಬಳಸಿದಾಗ ಬರುವ ಸರ್‌ಚಾರ್ಜ್ ಕೂಡ ಇದೇ ಜಾತಿಯದು. ಅದನ್ನು ಬ್ಯಾಂಕ್ ಮನ್ನಾ ಮಾಡಿ ಆಮೇಲೆ ಜಮೆ ಕೊಟ್ಟರೂ ಸರ್‌ಚಾರ್ಜ್ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ವಾಪಸು ಬರುವುದಿಲ್ಲ, ಹಾಗಾಗಿ ಸಣ್ಣ ಮೊತ್ತವೊಂದು ಉಳಿದೇ ಉಳಿಯುತ್ತದೆ.

ಹೋಟೆಲ್ ಸಾಲನ್ನು ಬಿಡಿಸುವುದು

ಹೆಚ್ಚು ಹೊತ್ತು ಹಿಡಿಯುವುದು ಇದೇ, ಹಾಗಾಗಿ ನಿಧಾನವಾಗಿ ನೋಡೋಣ. ಕೋಣೆ ದಿನಕ್ಕೆ 4,000ದಂತೆ ಮೂರು ರಾತ್ರಿಗೆ 12,000. ಹೋಟೆಲ್‌ನಲ್ಲೇ ಮಾಡಿದ ಊಟ ತಿಂಡಿ 1,500. ಎರಡರ ಮೇಲೂ ಶೇ 5 ಜಿಎಸ್‌ಟಿ 675. ಒಟ್ಟು 14,175. 11ರಂದು ಕೋಣೆ ಹಿಡಿಯುವಾಗ 5,000 ಅಡ್ವಾನ್ಸ್ ಸ್ವೈಪ್ ಮಾಡಿದ್ದಾರೆ. 14ರಂದು ಖಾಲಿ ಮಾಡುವಾಗ ಉಳಿದ 9,175 ಕೊಟ್ಟಿದ್ದಾರೆ. ಈ ಎರಡನೇ ಮೊತ್ತ ನವೆಂಬರ್ 15ಕ್ಕೆ ಮುಗಿದ ಸ್ಟೇಟ್‌ಮೆಂಟ್‌ನಲ್ಲಿ ಏಕಿಲ್ಲ? ಏಕೆಂದರೆ ಕಾರ್ಡ್ ಉಜ್ಜಿದ ದಿನ ಬೇರೆ, ಬ್ಯಾಂಕ್ ಅದನ್ನು ಲೆಕ್ಕಕ್ಕೆ ಹಾಕಿಕೊಂಡ ದಿನ ಬೇರೆ. ವ್ಯಾಪಾರಿಯ ಬ್ಯಾಂಕಿನಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಲೆಕ್ಕ ಬಂದು ಸೇರಲು ಒಂದೆರಡು ದಿನ ಬೇಕು. 14ರ ವ್ಯವಹಾರ 16ಕ್ಕೆ ದಾಖಲಾಗಿ ಡಿಸೆಂಬರ್ ಸ್ಟೇಟ್‌ಮೆಂಟ್‌ಗೆ ಹೋಗಿದೆ. ಮೇಲೆ ಹೇಳಿದ ತಪ್ಪು ದಾರಿಯಲ್ಲಿ ನೌಕರರಿಗೆ ಹೆಚ್ಚಾಗಿ ಹಣ ಹೋಗುತ್ತಿದ್ದದ್ದಕ್ಕೆ ಕಾರಣವೂ ಇದೇ 9,175. ಮುಂದಿನ ತಿಂಗಳು ಬ್ಯಾಂಕಿಗೂ ಕಟ್ಟಿದ ಮೇಲೆ, ಆ ಹೊತ್ತಿಗೆ ಪ್ರವಾಸದ ಕಡತ ಮುಚ್ಚಿರುವುದರಿಂದ, ಯಾರಿಗೂ ಗೊತ್ತಾಗುವುದೇ ಇಲ್ಲ.

ಬಿಲ್ಲಿಂಗ್ ಅವಧಿ ಮುಗಿಯುವ ಹಿಂದಿನ ಮೂರ್ನಾಲ್ಕು ದಿನಗಳಲ್ಲಿ ಪ್ರವಾಸ ಇದ್ದರೆ ಹೀಗೆ ಆಗಿಯೇ ಆಗುತ್ತದೆ ಎಂದುಕೊಂಡೇ ನೋಡಿ. 16ರ ನಂತರ ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ನಲ್ಲಿ ಇನ್ನೂ ಬಿಲ್ ಆಗದ ವ್ಯವಹಾರಗಳ ಪಟ್ಟಿ ತೆಗೆದರೆ 9,175 ಅಲ್ಲಿ ಕಾಣುತ್ತದೆ. ಡಿಸೆಂಬರ್ ಸ್ಟೇಟ್‌ಮೆಂಟ್‌ಗಾಗಿ ಕಾಯದೆ ಆ ಸಾಲನ್ನು `Card` ಹಾಳೆಗೆ ಸೇರಿಸಿ ಬಿಲ್ ನಂಬರ್ ಕೊಟ್ಟರೆ ಹೋಟೆಲ್‌ನ `F` ಸೊನ್ನೆಗೆ ಬರುತ್ತದೆ. ಡಿಸೆಂಬರ್ ಸ್ಟೇಟ್‌ಮೆಂಟ್ ಬಂದಾಗ ಅದೇ ಸಾಲನ್ನು ಮತ್ತೆ ಹಾಕದಂತೆ ಗುರುತು ಮಾಡಿಟ್ಟುಕೊಳ್ಳಿ.

ಅಡ್ವಾನ್ಸ್‌ಗೂ ತಡೆಹಿಡಿಯುವ ಮೊತ್ತಕ್ಕೂ ವ್ಯತ್ಯಾಸವಿದೆ. ಕೆಲವು ಹೋಟೆಲ್‌ಗಳು ಹಣ ತೆಗೆದುಕೊಳ್ಳದೆ ಕಾರ್ಡ್‌ನ ಮಿತಿಯಲ್ಲಿ ಒಂದಷ್ಟನ್ನು ತಡೆಹಿಡಿದಿಟ್ಟು, ಖಾಲಿ ಮಾಡುವಾಗ ಪೂರ್ತಿ ಬಿಲ್ ಒಂದೇ ಸಲ ಹಾಕುತ್ತವೆ. ಆಗಲೂ ಫೋನಿಗೆ ಸಂದೇಶ ಬರುತ್ತದೆ, ನೌಕರರು ಅದನ್ನು ಖರ್ಚು ಎಂದೇ ಬರೆಯುತ್ತಾರೆ. ಸ್ಟೇಟ್‌ಮೆಂಟ್‌ನಲ್ಲಿ ಆ ಸಾಲು ಇರುವುದಿಲ್ಲ. ಮೊಬೈಲ್ ಸಂದೇಶವನ್ನು ಪಾವತಿಯ ಸಾಕ್ಷಿಯೆಂದು ಒಪ್ಪಬಾರದು ಎನ್ನುವುದು ಇದಕ್ಕಾಗಿಯೇ.

ಬಿಲ್‌ನೊಳಗಿನ 1,500 ಊಟವನ್ನೂ ಗಮನಿಸಿ. ನಿಮ್ಮಲ್ಲಿ ಊಟಕ್ಕೆ ದಿನಭತ್ಯೆ ಕೊಡುವ ಪದ್ಧತಿ ಇದ್ದರೆ, ಹೋಟೆಲ್ ಬಿಲ್‌ನೊಳಗೆ ಸೇರಿಹೋದ ಊಟ ಮತ್ತು ದಿನಭತ್ಯೆ ಎರಡೂ ಸಿಕ್ಕಂತಾಗುತ್ತದೆ. ಬಿಲ್‌ನ ಒಟ್ಟು ಮೊತ್ತ ಮಾತ್ರ ನೋಡಿದರೆ ಇದು ಕಾಣುವುದಿಲ್ಲ, ಒಳಗಿನ ವಿವರಪಟ್ಟಿ ಕೇಳಿ ತರಿಸಿಕೊಳ್ಳಬೇಕು.

ನಾಲ್ಕನೇ ಹೆಜ್ಜೆ: ಕಾರ್ಡ್ ಕಡೆಯಿಂದ ಹಿಂದಕ್ಕೆ ನೋಡಿ

ಇಲ್ಲಿಯವರೆಗೆ ಕ್ಲೇಮ್ ಹಿಡಿದು ಕಾರ್ಡ್ ನೋಡಿದೆವು. ಈಗ `Card` ಹಾಳೆಯಲ್ಲಿ `E` ಕಾಲಂ ಖಾಲಿ ಇರುವ ಸಾಲುಗಳನ್ನು ಫಿಲ್ಟರ್ ಮಾಡಿ. ಕಾರ್ಡ್‌ನಿಂದ ಹಣ ಹೋಗಿದೆ, ಕ್ಲೇಮ್‌ನಲ್ಲಿ ಇಲ್ಲ, ಅಂಥವು ಇವು. ನಿಜವಾದ ದುರುಪಯೋಗ ಇದ್ದರೆ ಇಲ್ಲಿಯೇ ಸಿಗುತ್ತದೆ, ಆದರೆ ಬಹುಪಾಲು ಸಲ ಕಾರಣ ಸರಳ: ಹೆಸರು ಗುರುತು ಸಿಗದಿರುವುದು. ಸ್ಟೇಟ್‌ಮೆಂಟ್‌ನಲ್ಲಿ ಅಂಗಡಿಯ ಬೋರ್ಡ್ ಮೇಲಿನ ಹೆಸರಿನ ಬದಲು ಅದನ್ನು ನಡೆಸುವ ಸಂಸ್ಥೆಯ ನೋಂದಾಯಿತ ಹೆಸರು ಅಥವಾ ಗೇಟ್‌ವೇ ಹೆಸರು ಬರುತ್ತದೆ, ಅದೂ ಅರ್ಧಕ್ಕೆ ತುಂಡಾಗಿ. ಹಾಗಾಗಿ ಕೇಳುವಾಗ ಆ ಹೆಸರೊಂದನ್ನೇ ಕೊಟ್ಟು ಇದೇನು ಎಂದರೆ ಅವರಿಗೂ ತಿಳಿಯುವುದಿಲ್ಲ. ದಿನ, ಮೊತ್ತ, ಊರು ಸೇರಿಸಿ ಬರೆಯಿರಿ. ನಮ್ಮ ಉದಾಹರಣೆಯ ಮೊದಲ ಕ್ಯಾಬ್ ಸಾಲು ಕ್ಲೇಮ್‌ನಲ್ಲಿ ಇಲ್ಲದೆ ಹೋಗಿದ್ದರೆ ಹೀಗೆ ಬರೆಯಬಹುದಿತ್ತು:

"ಸರ್, 13ನೇ ತಾರೀಕು ಪುಣೆಯಲ್ಲಿ ಕಾರ್ಡ್‌ನಿಂದ 1,240 ರೂಪಾಯಿ ಹೋಗಿದೆ. ಆ ದಿನ ಗ್ರಾಹಕರ ಕಾರ್ಖಾನೆಗೆ ಹೋದ ಕ್ಯಾಬ್‌ನದ್ದೇ ಇದು? ಆ್ಯಪ್‌ನಲ್ಲಿ ಆ ಪ್ರಯಾಣದ ಬಿಲ್ ಇರುತ್ತೆ, ದಯವಿಟ್ಟು ಮೇಲ್ ಮಾಡಿ."

ಅವರು ನೆನಪಿಲ್ಲ, ನಾನು ಮಾಡಿಲ್ಲ ಎಂದರೆ ಆ ದಿನವೇ ಬ್ಯಾಂಕಿಗೆ ದೂರು ಕೊಟ್ಟು, ಕಾರ್ಡ್ ತಡೆಹಿಡಿಸಿ, ದೂರಿನ ನಂಬರನ್ನು ಆ ಸಾಲಿನ ಮುಂದೆಯೇ ಬರೆದಿಡಿ. ಅನಧಿಕೃತ ವ್ಯವಹಾರದಲ್ಲಿ ತಡಮಾಡಿದಷ್ಟೂ ಕಾರ್ಡ್ ಪಡೆದವರ ಹೊಣೆ ಹೆಚ್ಚುತ್ತದೆ.

ಒಂದೇ ದಿನ, ಒಂದೇ ಅಂಗಡಿ, ಒಂದೇ ಮೊತ್ತ ಎರಡು ಸಲ ಬಂದಿದ್ದರೆ ಮೊದಲ ಸಲ ಮೆಷಿನ್ ಚೀಟಿ ಕೊಡದೆ ನಿಂತುಹೋಗಿ ಮತ್ತೆ ಉಜ್ಜಿರುವ ಸಾಧ್ಯತೆ ಹೆಚ್ಚು. ನೆಟ್‌ವರ್ಕ್ ಬಂದು ಹೋಗುವ ಘಟ್ಟದ ಕೆಳಗಿನ, ಮೇಲಿನ ಬಂಕ್‌ಗಳಲ್ಲಿ ಹೀಗಾಗುವುದುಂಟು. ಅಂಗಡಿಗೆ ಒಪ್ಪಿಗೆಯ ಖಚಿತತೆ ಬಾರದ ಇಂಥ ವ್ಯವಹಾರವನ್ನು ಐದು ದಿನಗಳೊಳಗೆ ವಾಪಸು ಮಾಡಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ಐದು ದಿನ ಕಳೆದ ಮೇಲೂ ಜಮೆ ಕಾಣದಿದ್ದರೆ ದೂರು ಕೊಡಿ.

ಐದನೇ ಹೆಜ್ಜೆ: ಲೆಡ್ಜರ್‌ಗೆ ಹಾಕುವುದು

ಕಾರ್ಡ್‌ಗೆ ಪ್ರತ್ಯೇಕ ಲೆಡ್ಜರ್ ಇರಲಿ, ಅದು ಕಂಪನಿ ಬ್ಯಾಂಕಿಗೆ ಕೊಡಬೇಕಾದ ಸಾಲ. ಬಿಲ್ ಒಪ್ಪಿದ ತಕ್ಷಣ ಪ್ರಯಾಣ ಖರ್ಚಿಗೆ ಡೆಬಿಟ್, ಕಾರ್ಡ್ ಲೆಡ್ಜರ್‌ಗೆ ಕ್ರೆಡಿಟ್. ಟ್ಯಾಲಿಯಲ್ಲಾದರೆ ಇದು ಜರ್ನಲ್ ವೋಚರ್, `F7`. ಬ್ಯಾಂಕಿಗೆ ಹಣ ಕಟ್ಟಿದ ದಿನ ಕಾರ್ಡ್ ಲೆಡ್ಜರ್‌ಗೆ ಡೆಬಿಟ್, ಬ್ಯಾಂಕ್ ಖಾತೆಗೆ ಕ್ರೆಡಿಟ್, ಇದು ಪೇಮೆಂಟ್ ವೋಚರ್, `F5`. ಕಾರ್ಡ್ ಬಿಲ್ ಕಟ್ಟಿದ ದಿನವೇ ನೇರವಾಗಿ ಪ್ರಯಾಣ ಖರ್ಚು ಎಂದು ಬರೆಯುವ ರೂಢಿ ಹಲವು ಕಡೆ ಇದೆ. ಹಾಗೆ ಮಾಡಿದರೆ ಮಾರ್ಚ್‌ನ ಪ್ರವಾಸ ಏಪ್ರಿಲ್‌ನ ಖರ್ಚಾಗಿ ಮುಂದಿನ ವರ್ಷಕ್ಕೆ ಸೇರಿಹೋಗುತ್ತದೆ. ನೌಕರರ ಲೆಡ್ಜರ್‌ನಲ್ಲಿ ಅವರ ಅಡ್ವಾನ್ಸ್ 3,000, ಸ್ವಂತ ಖರ್ಚು 2,190, ವಾಪಸು 810 ಇಷ್ಟೇ ಇರಬೇಕು. ಕಾರ್ಡ್‌ನ ಯಾವ ಮೊತ್ತವೂ ಅಲ್ಲಿ ಹಾದುಹೋಗಬಾರದು.

ನವೆಂಬರ್ 15ಕ್ಕೆ ನಿಮ್ಮ ಕಾರ್ಡ್ ಲೆಡ್ಜರ್‌ನಲ್ಲಿ ಈ ಪ್ರವಾಸದ ಬಾಕಿ 31,068.26 ಇರುತ್ತದೆ, ಸ್ಟೇಟ್‌ಮೆಂಟ್‌ನಲ್ಲಿ 21,893.26. ವ್ಯತ್ಯಾಸ 9,175, ಅದಕ್ಕೆ ಕಾರಣ ಹೋಟೆಲ್‌ನ ಒಂದೇ ಸಾಲು. ವ್ಯತ್ಯಾಸವನ್ನು ಹೀಗೆ ಸಾಲು ಸಾಲಾಗಿ ಹೆಸರು ಹೇಳಿ ತೋರಿಸಲು ಆದರೆ ತಾಳೆ ಆಯಿತೆಂದು ಸಹಿ ಹಾಕಬಹುದು.

ರದ್ದಾದ ಟಿಕೆಟ್ ಮತ್ತು ಜಿಎಸ್‌ಟಿ

ವಾಪಸು ವಿಮಾನದ ಟಿಕೆಟ್ ರದ್ದು ಮಾಡಿದ್ದಕ್ಕೆ 2,860 ರೂಪಾಯಿ ನವೆಂಬರ್ 24ರಂದು ಕಾರ್ಡ್‌ಗೆ ಜಮೆಯಾಗಿದೆ. ಅದು ಡಿಸೆಂಬರ್ ಸ್ಟೇಟ್‌ಮೆಂಟ್‌ನಲ್ಲಿದೆ. ಕ್ಲೇಮ್‌ನಲ್ಲಿ ಇದರ ಸುಳಿವೇ ಇಲ್ಲ. ಇದನ್ನು ಹಿಡಿಯಲು ಇರುವ ಕುರುಹು ಎಂದರೆ ಹೋಗಿ ಬರುವ ವಿಮಾನದ ಟಿಕೆಟ್ ಜೊತೆಗೆ ವಾಪಸು ಬಸ್ಸಿನ ಟಿಕೆಟೂ ಇರುವುದು. ಒಂದೇ ದಿಕ್ಕಿಗೆ ಎರಡು ಟಿಕೆಟ್ ಕಂಡರೆ ಒಂದಕ್ಕೆ ಹಣ ವಾಪಸು ಬರಬೇಕಿತ್ತೇ ಎಂದು ಕೇಳಿ, ರದ್ದತಿಯ ಮೇಲ್ ತರಿಸಿ, ಬರಬೇಕಾದ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಜಮೆ ಬಂದಾಗ ಅದಕ್ಕೂ ವಿಮಾನದ ಬಿಲ್ ನಂಬರನ್ನೇ ಕೊಟ್ಟರೆ `F` ಕಾಲಂ −2,860 ತೋರಿಸುತ್ತದೆ. ಖರ್ಚನ್ನು ಅಷ್ಟು ಇಳಿಸಿ. ಪ್ರವಾಸದ ನಿಜವಾದ ಖರ್ಚು 31,068.26 ಮತ್ತು 2,190 ಕೂಡಿ 2,860 ಕಳೆದು 30,398.26.

ಜಿಎಸ್‌ಟಿ ವಿಷಯದಲ್ಲಿ ಹೋಟೆಲ್ ಮತ್ತು ವಿಮಾನಕ್ಕೆ ನಿಯಮ ಬೇರೆ ಬೇರೆ. ಹೋಟೆಲ್ ಕೋಣೆಗೆ ತೆರಿಗೆ ಬೀಳುವುದು ಕಟ್ಟಡ ಇರುವ ರಾಜ್ಯದಲ್ಲಿ. ಪುಣೆಯ ಹೋಟೆಲ್ ಹಾಕುವುದು ಕೇಂದ್ರದ ಜಿಎಸ್‌ಟಿ ಮತ್ತು ಮಹಾರಾಷ್ಟ್ರದ ಜಿಎಸ್‌ಟಿ. ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವ ಕಂಪನಿಗೆ ಅದರ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಬಿಲ್ ಮೇಲೆ ನಿಮ್ಮ ಜಿಎಸ್‌ಟಿ ನಂಬರ್ ಇದ್ದರೂ ಅಷ್ಟೆ. ಹಾಗಾಗಿ 675 ಸೇರಿಸಿ ಪೂರ್ತಿ 14,175 ಖರ್ಚು. ಇದೇ ಕೋಣೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಆಗಿದ್ದರೆ ಕೋಣೆಯ ಮೇಲಿನ ತೆರಿಗೆಗೆ ಕ್ರೆಡಿಟ್ ಸಿಗುತ್ತಿತ್ತು. ಗ್ರಾಹಕರೊಂದಿಗಿನ ಊಟದ ಬಿಲ್‌ನಲ್ಲಿರುವ 165 ರೂಪಾಯಿ ತೆರಿಗೆಗೆ ಯಾವ ರಾಜ್ಯದಲ್ಲಿದ್ದರೂ ಕ್ರೆಡಿಟ್ ಇಲ್ಲ, ಊಟ ತಿಂಡಿಗೆ ಕಾನೂನೇ ತಡೆಹಾಕಿದೆ.

ವಿಮಾನ ಹಾಗಲ್ಲ. ಟಿಕೆಟ್ ತೆಗೆಯುವಾಗಲೇ ಕಂಪನಿಯ ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಕ್ರೆಡಿಟ್ ಪಡೆಯಬಹುದು. ಮೇಲ್‌ಗೆ ಬರುವ ಪ್ರಯಾಣದ ಟಿಕೆಟ್ ಇದಕ್ಕೆ ಸಾಲದು, ವಿಮಾನ ಸಂಸ್ಥೆಯ ತೆರಿಗೆ ಬಿಲ್ ಪ್ರತ್ಯೇಕವಾಗಿ ಡೌನ್‌ಲೋಡ್ ಮಾಡಬೇಕು, ಅದು ನಿಮ್ಮ `GSTR-2B`ಯಲ್ಲಿ ಕಾಣಬೇಕು. ರದ್ದಾದ ಟಿಕೆಟ್‌ಗೆ ಸಂಸ್ಥೆ ಕ್ರೆಡಿಟ್ ನೋಟ್ ಹಾಕುತ್ತದೆ, ಅದು ಮುಂದಿನ ತಿಂಗಳ `2B`ಯಲ್ಲಿ ಬರಬಹುದು. 11,480ಕ್ಕೆ ಪೂರ್ತಿ ಕ್ರೆಡಿಟ್ ಪಡೆದು ಈ ನೋಟ್ ಮರೆತರೆ ಹೆಚ್ಚು ಪಡೆದ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟುವ ಪ್ರಸಂಗ ಬರಬಹುದು. ಕಡತದ ಮೇಲೆ ಮುಗಿದಿದೆ ಎಂದು ಬರೆಯುವುದು 2,860ರ ಜಮೆ ಕಾರ್ಡ್‌ನಲ್ಲೂ ಅದರ ಕ್ರೆಡಿಟ್ ನೋಟ್ `2B`ಯಲ್ಲೂ ಕಂಡ ಮೇಲೆಯೇ.